ತೊಗರಿ ಪ್ರಬಂಧಗಳು ಮತ್ತು ಟೆಂಪರೇಚರ್: ನನ್ನ ಅನುಭವ

"ಬರಹ ಮನುಷ್ಯರದೋ ಯಂತ್ರದ್ದೋ ಎಂದು ಗುರುತಿಸುವುದು ಇಂಗ್ಲಿಷಿನಲ್ಲೇ ನೆಟ್ಟಗೆ ಆಗದ ಕೆಲಸ. ಕನ್ನಡದಲ್ಲಿ ಮಾಡಲು ಹೊರಟಿದ್ದೀಯಲ್ಲ!" ಎಂದು ಹೈದರಾಬಾದಿನ ಗೆಳೆಯ ನಕ್ಕಿದ್ದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಸುಳ್ಳೆಂದು ತೋರಿಸಲು ನನಗೆ ಹತ್ತು ತಿಂಗಳು ಬೇಕಾಯಿತು, ಹತ್ತಿರ ಹತ್ತಿರ ಇಪ್ಪತ್ತಾರು ಸಾವಿರ ರೂಪಾಯಿ ಕೈಬಿಟ್ಟಿತು.

ಕಲಬುರಗಿಯಲ್ಲಿ ನಾವು ನಡೆಸುವ ಸಣ್ಣ ಮಾಸಿಕಕ್ಕೆ ಪ್ರತಿ ವರ್ಷ ಪ್ರಬಂಧ ಸ್ಪರ್ಧೆ ಇರುತ್ತದೆ. ಮೊದಲ ಬಹುಮಾನ ಐದು ಸಾವಿರ. ಎರಡು ವರ್ಷಗಳಿಂದ ಬರುತ್ತಿದ್ದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಯಂತ್ರ ಬರೆದದ್ದನ್ನು ಬೇರ್ಪಡಿಸುವ ಜರಡಿಯೊಂದು ಬೇಕಾಗಿತ್ತು. ಒಂದು ಭಾಷಾ ಮಾದರಿಗೆ ಪಠ್ಯ ಎಷ್ಟು ಅಚ್ಚರಿ ತರುತ್ತದೆ ಎಂದು ಅಳೆದು ಅಂಕ ಕೊಡುವುದು ಅದರ ಕೆಲಸ: ಅಂಕ ತಗ್ಗಿದರೆ ಯಂತ್ರದ್ದು, ಏರಿದರೆ ಮನುಷ್ಯರದು. ಮಾದರಿಯನ್ನು ಓಡಿಸಲು ಹಳೆಯ ಹನ್ನೆರಡು ಜಿಬಿ ಗ್ರಾಫಿಕ್ಸ್ ಕಾರ್ಡನ್ನು ಹದಿನೆಂಟು ಸಾವಿರಕ್ಕೆ ಕೊಂಡೆ. ಮೇ ತಿಂಗಳ ನಮ್ಮೂರ ಬಿಸಿಲಿಗೆ ಅದು ಎರಡು ಸಲ ತಾನೇ ನಿಂತುಹೋಯಿತು. ಆಮೇಲೆ ರಾತ್ರಿ ಹತ್ತರ ನಂತರವೇ ಓಡಿಸಲು ಕಲಿತೆ.

ಮೊದಲ ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿ ಮಾಡಿಸಿದ್ದೆ. ನೂರಕ್ಕೆ ತೊಂಬತ್ತೆಂಟು ಸರಿ! ಮನುಷ್ಯರು ಬರೆದವೆಂದು ನಾನು ಇಟ್ಟುಕೊಂಡದ್ದು 2014ರಿಂದ 2019ರವರೆಗಿನ ನಮ್ಮದೇ ಕಡತ. ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ನಂತರ ಯುನಿಕೋಡಿಗೆ ಪರಿವರ್ತಿಸಿದವು. ಆ ಪರಿವರ್ತನೆಯಲ್ಲಿ ಅಲ್ಲಲ್ಲಿ ಕಣ್ಣಿಗೆ ಕಾಣದ `U+200C` ಎಂಬ ಸಂಕೇತ ಸೇರಿಕೊಂಡಿತ್ತು, ಕೆಲವು ಅರ್ಕಾವತ್ತುಗಳು ಮುರಿದಿದ್ದವು. ಯಂತ್ರದ ಪಠ್ಯದಲ್ಲಿ ಇವು ಯಾವುವೂ ಇರಲಿಲ್ಲ. ಹೀಗಾಗಿ ನನ್ನ ಜರಡಿ ಲೇಖಕರನ್ನಲ್ಲ, ಫಾಂಟ್ ಪರಿವರ್ತಕವನ್ನು ಗುರುತಿಸುತ್ತಿತ್ತು. ಎರಡೂ ಕಡೆಯ ಪಠ್ಯವನ್ನು ಒಂದೇ ರೀತಿ ತೊಳೆದ ಮೇಲೆ ತೊಂಬತ್ತೆಂಟು ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಸಿಹಿ ಅಷ್ಟರಲ್ಲಿ ಖಾಲಿಯಾಗಿತ್ತು.

ಎರಡನೆಯ ತಪ್ಪು ಟೆಂಪರೇಚರಿನದು. ಯಂತ್ರ ಬರೆಯುವುದು ಟೋಕನ್ ಎಂಬ ಪದದ ತುಂಡುಗಳನ್ನು ಒಂದೊಂದಾಗಿ ಆರಿಸಿ, ಆ ಆಯ್ಕೆ ಎಷ್ಟು ಸಡಿಲವಿರಬೇಕೆಂದು ಹೇಳುವ ಸಂಖ್ಯೆಯೇ ಟೆಂಪರೇಚರ್. ಟೆಂಪರೇಚರ್ ಏರಿದಂತೆ ಅಪರೂಪದ ಟೋಕನ್‌ಗಳಿಗೂ ಅವಕಾಶ ಸಿಗಬೇಕು, ಪಠ್ಯ ಮನುಷ್ಯರ ಬರಹದತ್ತ ಸರಿಯಬೇಕು. ನಾನು 0.2ರಿಂದ 1.3ರವರೆಗೆ ಬರೆಯಿಸಿದರೂ 0.9ಕ್ಕೂ 1.3ಕ್ಕೂ ಅಂಕದಲ್ಲಿ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. "ಟೆಂಪರೇಚರಿನಿಂದ ಏನೂ ಆಗುವುದಿಲ್ಲ" ಎಂದು ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟೆ. ವಾರದ ಮೇಲೆ ತಿಳಿಯಿತು: ಮಾದರಿ ಓಡಿಸಲು ನಾನು ಬಳಸುತ್ತಿದ್ದ `llama.cpp` ತಂತ್ರಾಂಶ ಮೊದಲು ಟಾಪ್-ಕೆ, ಟಾಪ್-ಪಿ, ಮಿನ್-ಪಿ ಎಂಬ ಕತ್ತರಿಗಳನ್ನು ಆಡಿಸಿ, ಕೊನೆಗೆ ಉಳಿದವುಗಳ ಮೇಲೆ ಮಾತ್ರ ಟೆಂಪರೇಚರ್ ಹಚ್ಚುತ್ತದೆ. ಅಪರೂಪದ ಟೋಕನ್‌ಗಳು ಆಗಲೇ ಕಸದ ಬುಟ್ಟಿ ಸೇರಿರುತ್ತವೆ. ಉಳಿದ ನಾಲ್ಕೈದರಲ್ಲಿ ಎಷ್ಟು ಕಲಕಿದರೂ ಅವು ನಾಲ್ಕೈದೇ. ಕತ್ತರಿ ತೆಗೆದು ಹೀಗೆ ಓಡಿಸಿದಾಗ ನಿಜವಾದ ಚಿತ್ರ ಕಂಡಿತು:

```
llama-cli -m model.gguf --temp 1.3 --top-k 0 --top-p 1.0 --min-p 0.0 -f togari.txt
```

ಆ ಚಿತ್ರ ಒಂದೇ ದಿಕ್ಕಿನ ಇಳಿಜಾರಲ್ಲ. 0.2ರಲ್ಲಿ ಬರೆದ ಮೂವತ್ತು ಪ್ರಬಂಧಗಳಲ್ಲಿ ಬಹುಶಃ ಒಂದು ತಪ್ಪಿಸಿಕೊಂಡಿತು. 1.0ಕ್ಕೆ ಬರುವಷ್ಟರಲ್ಲಿ ಏಳೆಂಟು ಜಾರಿದವು. 1.3ರಲ್ಲಿ ಅಂಕಗಳನ್ನಷ್ಟೇ ನೋಡಿದರೆ ಎಲ್ಲವೂ ಮನುಷ್ಯರವೇ, ಆದರೆ ಓದಲು ಕುಳಿತರೆ ಕನ್ನಡವೇ ಅಲ್ಲ. ನಮ್ಮಲ್ಲಿ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ, ನಡುವಿನ ಒಂದು ತುಂಡು ಎಡವಿದರೂ ಹುಟ್ಟುವುದು ಎಲ್ಲೂ ಇಲ್ಲದ ಪದ. "ತೊಗರಿಮ್ಮಿನ ಬೆಳೆವಣೆ" ಎಂದು ಬರೆದದ್ದನ್ನು ಇಟ್ಟುಕೊಂಡಿದ್ದೇನೆ. ನಡುವೆ ಒಂದೆರಡು ತೆಲುಗು ಅಕ್ಷರಗಳೂ ನುಸುಳಿದ್ದವು. ಇದಕ್ಕೆ ಅಂಕವೇ ಬೇಡ, ಪದಪಟ್ಟಿಯಲ್ಲಿ ಇಲ್ಲದ ಪದಗಳನ್ನು ಎಣಿಸಿದರೆ ಸಾಕು. ತಣ್ಣಗಿದ್ದರೂ ಸಿಕ್ಕಿಬೀಳುತ್ತದೆ, ಕುದಿದರೂ ಸಿಕ್ಕಿಬೀಳುತ್ತದೆ. ಕಷ್ಟವಿರುವುದು 0.9ರಿಂದ 1.1ರ ನಡುವಿನ ಕಿರಿದಾದ ಪಟ್ಟಿಯಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಟೆಂಪರೇಚರ್ ಅಲ್ಲ, ಪ್ರಾಂಪ್ಟ್. ತೊಗರಿಯ ಮೇಲೆಯೇ ಮೂರು ಬಗೆಯಲ್ಲಿ ಬರೆಯಿಸಿದೆ, ಟೆಂಪರೇಚರ್ ಮೂರಕ್ಕೂ 0.7. ಒಂದು, "ತೊಗರಿ ಬೆಳೆಯ ಬಗ್ಗೆ ಪ್ರಬಂಧ ಬರೆಯಿರಿ" ಎಂಬ ಬರೀ ಆಜ್ಞೆ. ಎರಡು, ವಿವರ ತುಂಬಿದ್ದು: ಚಿತ್ತಾಪುರದ ಹತ್ತಿರ ನಾಲ್ಕು ಎಕರೆ, ನೆಟೆ ರೋಗ ಬಿದ್ದ ವರ್ಷ, ಮಾವನಿಂದ ಪಡೆದ ಸಾಲ, ಮುರಿದ ಕೂರಿಗೆ. ಮೂರು, ಹಳೆಯ ಪ್ರಬಂಧವೊಂದರ ಎರಡು ಪ್ಯಾರಾ ಕೊಟ್ಟು ಇದೇ ಧಾಟಿಯಲ್ಲಿ ಮುಂದುವರಿಸು ಎಂದದ್ದು. ಪರ್‌ಪ್ಲೆಕ್ಸಿಟಿ ಎಂಬ ಆ ಅಚ್ಚರಿಯ ಅಂಕ ಮಾತ್ರ ನೋಡಿದಾಗ ಮೊದಲನೆಯದರಲ್ಲಿ ಮೂವತ್ತಕ್ಕೆ ಇಪ್ಪತ್ತೆಂಟು ಸಿಕ್ಕವು, ಎರಡನೆಯದರಲ್ಲಿ ಸುಮಾರು ಹದಿನೈದು, ಮೂರನೆಯದರಲ್ಲಿ ಹನ್ನೆರಡೋ ಹದಿಮೂರೋ.

ಕಾರಣ ಸರಳ. ಬರೆದ ಮಾದರಿಯ ಕಣ್ಣ ಮುಂದೆ ಪ್ರಾಂಪ್ಟ್ ಇತ್ತು, ಅಳೆಯುವ ನನ್ನ ಮಾದರಿಗೆ ಅದು ಕಾಣುವುದಿಲ್ಲ. ಮುರಿದ ಕೂರಿಗೆ ಬರೆದ ಮಾದರಿಗೆ ನಿರೀಕ್ಷಿತ, ಅಳೆಯುವ ಮಾದರಿಗೆ ಅಚ್ಚರಿ. ಆ ಅಚ್ಚರಿಯನ್ನೇ ನಾನು ಮನುಷ್ಯರ ಲಕ್ಷಣವೆಂದು ಲೆಕ್ಕ ಹಾಕುತ್ತಿದ್ದೆ. 2024ರಲ್ಲಿ ಪ್ರಕಟವಾದ ಬೈನಾಕ್ಯುಲರ್ಸ್ ವಿಧಾನ ಕೈಹಿಡಿದದ್ದು ಇಲ್ಲಿಯೇ. ಒಂದೇ ಟೋಕನೈಜರ್ ಇರುವ ಎರಡು ಮಾದರಿಗಳನ್ನು ಜೊತೆಗೆ ಓಡಿಸಿ, ಪಠ್ಯ ಎಷ್ಟು ಅಚ್ಚರಿ ತರುತ್ತದೆ ಎಂಬುದನ್ನು, ಅದೇ ಜಾಗದಲ್ಲಿ ಒಂದು ಮಾದರಿಯ ಊಹೆ ಇನ್ನೊಂದಕ್ಕೆ ಎಷ್ಟು ಅಚ್ಚರಿ ತರುತ್ತದೆ ಎಂಬುದರಿಂದ ಭಾಗಿಸುವುದು. ವಿಷಯವೇ ವಿಚಿತ್ರವಾಗಿದ್ದರೆ ಎರಡೂ ಏರುತ್ತವೆ, ಅನುಪಾತ ಅಷ್ಟಾಗಿ ಕದಲುವುದಿಲ್ಲ. ಗೂಗಲಿನ ಜೆಮ್ಮಾ 2 ಮಾದರಿಯ ಎರಡು ಬಿಲಿಯನ್ ಪ್ಯಾರಾಮೀಟರಿನ ಜೋಡಿಯನ್ನು, ಮೂಲದ್ದು ಮತ್ತು ಆಜ್ಞೆ ಪಾಲಿಸಲು ಪಳಗಿಸಿದ್ದು, ಎಂಟು ಬಿಟ್ಟಿಗೆ ಇಳಿಸಿ ಕಾರ್ಡಿನಲ್ಲಿ ಕೂರಿಸಿದೆ. ವಿವರದ ಪ್ರಾಂಪ್ಟಿನಲ್ಲಿ ಹದಿನೈದಿದ್ದದ್ದು ಇಪ್ಪತ್ತೈದಕ್ಕೆ ಬಂತು. ಧಾಟಿ ಕೊಟ್ಟು ಬರೆಯಿಸಿದ್ದರಲ್ಲಿ ಹದಿನೆಂಟನ್ನು ದಾಟಲಿಲ್ಲ. ಯಂತ್ರದ್ದೆಂದು ಹೇಳುವ ಅಂಕದ ಹೊಸ್ತಿಲನ್ನು ಎಷ್ಟಕ್ಕೆ ಇಟ್ಟಿದ್ದೇನೆ, ಪ್ರಬಂಧದ ಯಾವ ಭಾಗವನ್ನು ಬಿಟ್ಟು ಅಳೆಯುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಸ್ಪರ್ಧೆ ಇನ್ನೂ ನಡೆಯಬೇಕು.

ಮಿತಿಯೂ ಇದೆ. ಬರೆದದ್ದೂ ಅಳೆದದ್ದೂ ಜೆಮ್ಮಾ ಮನೆತನದವೇ ಆಗಿದ್ದಾಗಿನ ಲೆಕ್ಕ ಇದು. ಬೇರೆ ಮನೆತನದ ಮಾದರಿಯಿಂದ ಬರೆಯಿಸಿದರೆ ಮೂವತ್ತಕ್ಕೆ ಮೂರೋ ನಾಲ್ಕೋ ಕಡಿಮೆ ಸಿಗುತ್ತವೆ. ನೂರೈವತ್ತು ಪದಗಳಿಗಿಂತ ಚಿಕ್ಕದನ್ನು ನಾನು ಮುಟ್ಟುವುದೇ ಇಲ್ಲ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. "ಕಲಬುರಗಿ ಆಡುಮಾತಿನಲ್ಲಿ ಬರೆ" ಎಂದರೆ ಅಂಕ ತಪ್ಪಿಸಿಕೊಳ್ಳುತ್ತದೆಯೇ ಎಂದು ನೋಡಲು. ತಪ್ಪಿಸಿಕೊಂಡಿತು. ಆದರೆ ನಾವು "ಅದ" ಎನ್ನುವಲ್ಲೆಲ್ಲ ಅದು "ಐತಿ" ಎಂದು ಬರೆದಿತ್ತು. ನನ್ನ ತಾಯಿಗೆ ಓದಿ ಹೇಳಿದೆ. "ಇವರು ಧಾರವಾಡದ ಕಡೆಯವರೇನು?" ಎಂದು ಕೇಳಿದರು. ಯಂತ್ರಕ್ಕಿಂತ ಅವರ ಕಿವಿ ಚುರುಕು, ವಿದ್ಯುತ್ ಖರ್ಚೂ ಇಲ್ಲ.

ಮನುಷ್ಯರ ನೂರರಲ್ಲಿ ಎರಡು ಈಗಲೂ ಯಂತ್ರದವೆಂದು ಬರುತ್ತವೆ. ಹಾಗೆ ಬಂದದ್ದರಲ್ಲಿ ಒಂದು ಸೇಡಂ ಕಡೆಯ ಹುಡುಗಿಯದು. ಫೋನ್ ಮಾಡಿ ಕೇಳಿದೆ. ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆದಿದ್ದಳಂತೆ, ಫೋನಿನಲ್ಲೇ ಮೊದಲ ಪ್ಯಾರಾ ಒಪ್ಪಿಸಿದಳು. ಎಲ್ಲರೂ ಬರೆಯುವಂಥ ವಾಕ್ಯ ಎಲ್ಲಿಂದ ಬಂದರೂ ಅಂಕ ತಗ್ಗುತ್ತದೆ. ಅಂದಿನಿಂದ ಜರಡಿ ಹಿಡಿದದ್ದನ್ನು ತಿರಸ್ಕರಿಸುವುದಿಲ್ಲ, ಬರೆದವರಿಗೆ ಫೋನ್ ಮಾಡಿ ಪ್ರಬಂಧದ ಒಳಗಿನದೇ ಮೂರು ಪ್ರಶ್ನೆ ಕೇಳುತ್ತೇನೆ.

ಗೆಳೆಯ ಕಳೆದ ತಿಂಗಳು ಇಪ್ಪತ್ತು ಬರಹಗಳನ್ನು ಕಲಸಿ ತಂದಿದ್ದ. ಹದಿನೇಳು ಸರಿಯಾಗಿ ಹೇಳಿದೆ. ಖಾನಾವಳಿಯ ರೊಟ್ಟಿ ಊಟದ ದುಡ್ಡು ಅವನೇ ಕೊಟ್ಟ. ತಪ್ಪಿದ ಮೂರೂ ಧಾಟಿ ಕೊಟ್ಟು 1.0ರಲ್ಲಿ ಬರೆಯಿಸಿದವು, ಆ ಧಾಟಿ ನಮ್ಮದೇ ಮಾಸಿಕದ ಹಳೆಯ ಸಂಚಿಕೆಯದು.