ಎರಡು ಬ್ಯಾಕ್‌ಲಾಗ್‌ಗಳಿಗೆ ಮೂರು ವಾಕ್ಯ

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಲು ಕುಳಿತಾಗ ನನ್ನ ಅಂಕಪಟ್ಟಿಯಲ್ಲಿ ವಿವರಣೆ ಬೇಡುವ ಎರಡು ಸಂಗತಿಗಳಿದ್ದವು. ಮೂರನೆಯ ಸೆಮಿಸ್ಟರಿನಲ್ಲಿ ಗಣಿತ ಮತ್ತು ಡೇಟಾ ಸ್ಟ್ರಕ್ಚರ್ಸ್ ಎರಡರಲ್ಲೂ ಅನುತ್ತೀರ್ಣನಾಗಿ, ಮತ್ತೆ ಬರೆದು ಪಾಸಾಗಬೇಕಾದ ಎರಡು ಬ್ಯಾಕ್‌ಲಾಗ್‌ಗಳು ಉಳಿದಿದ್ದವು. ಒಟ್ಟು ಸಿಜಿಪಿಎ 6.4 ಇತ್ತು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದ್ದ ನನಗೆ, ಉಳಿದವರು ಮೊದಲ ವರ್ಷದಲ್ಲಿ ಕಲಿತಿದ್ದ ಗಣಿತ ಮತ್ತು ಪ್ರೋಗ್ರಾಮಿಂಗಿನ ತಳಪಾಯ ಇರಲಿಲ್ಲ. ಅದನ್ನು ಕಟ್ಟಿಕೊಳ್ಳಲು ಒಂದು ವರ್ಷ ಹಿಡಿಯಿತು. ಡೇಟಾ ಸ್ಟ್ರಕ್ಚರ್ಸ್ ಐದನೆಯ ಸೆಮಿಸ್ಟರಿನ ಹೊತ್ತಿಗೆ, ಗಣಿತ ಆರನೆಯದರ ಹೊತ್ತಿಗೆ ಪಾಸಾದವು.

ಮೊದಲ ಇಮೇಲಿನಲ್ಲಿ ಇದಕ್ಕಾಗಿ ಹನ್ನೊಂದು ಸಾಲು ಬರೆದೆ. ಅದರಲ್ಲಿ ತಂದೆಯವರ ಅನಾರೋಗ್ಯವೂ ಬಂದಿತ್ತು. ಅನಾರೋಗ್ಯ ನಿಜವೇ, ಆದರೆ ಅದು ನಾಲ್ಕನೆಯ ಸೆಮಿಸ್ಟರಿನ ಮಾತು, ನಾನು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದ ಸೆಮಿಸ್ಟರ್ ಅದು. ಕಳುಹಿಸುವ ಮುನ್ನ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ, ಪರೀಕ್ಷೆಯ ತಿಂಗಳು ಮತ್ತು ವರ್ಷ ನನ್ನ ಕಥೆಗೆ ಹೊಂದುವುದಿಲ್ಲವೆಂಬುದು ನನಗೇ ಕಂಡಿತು. ಅದನ್ನು ಅಳಿಸಿದೆ. ಆಮೇಲೆ ಹೆದರಿ, ಬ್ಯಾಕ್‌ಲಾಗ್ ವಿಚಾರವನ್ನೇ ಕೈಬಿಟ್ಟು ನಾಲ್ಕೈದು ಕಡೆ ಅರ್ಜಿ ಹಾಕಿದೆ. ಒಂದು ಕಡೆ ಫೋನಿನಲ್ಲಿ ಮಾತನಾಡಿದ ಎಚ್‌ಆರ್ ಅಧಿಕಾರಿಯ ಎರಡನೆಯ ಪ್ರಶ್ನೆಯೇ ಅದಾಗಿತ್ತು: "ಬ್ಯಾಕ್‌ಲಾಗ್ ಏನಾದರೂ ಇದೆಯೇ?" ನಾನು ತಡವರಿಸಿ, "ಈಗ ಇಲ್ಲ, ಮೊದಲು ಇತ್ತು" ಎಂದೆ. ಸತ್ಯವನ್ನೇ ಹೇಳಿದ್ದರೂ ಅದು ಸಿಕ್ಕಿಬಿದ್ದವನ ಉತ್ತರದಂತೆ ಕೇಳಿಸಿತು.

ಆ ಕರೆಯಿಂದ ನನಗೆ ತಿಳಿದದ್ದಿಷ್ಟು: ಓದುವವರಿಗೆ ಮೊದಲು ಬೇಕಾಗಿರುವುದು ಕಾರಣವಲ್ಲ, ಸ್ಥಿತಿ. ಪದವಿ ಪ್ರಮಾಣಪತ್ರ ಸಿಗದಂತೆ ತಡೆಯುವ ವಿಷಯ ಈಗಲೂ ಬಾಕಿ ಇದೆಯೇ, ಅಥವಾ ಎಲ್ಲವೂ ಮುಗಿದಿದೆಯೇ ಎಂಬುದನ್ನು ಅವರು ಹುಡುಕುತ್ತಾರೆ. ಹಾಗಾಗಿ ಹೊಸ ಇಮೇಲಿನಲ್ಲಿ ಸಂಖ್ಯೆ ಮತ್ತು ಸ್ಥಿತಿಯನ್ನು ಮೊದಲ ವಾಕ್ಯಕ್ಕೆ, ಕಾರಣವನ್ನು ಎರಡನೆಯದಕ್ಕೆ, ಆಮೇಲೆ ಏನಾಯಿತೆಂಬ ಪುರಾವೆಯನ್ನು ಮೂರನೆಯದಕ್ಕೆ ಇಟ್ಟೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

"ಮೂರನೆಯ ಸೆಮಿಸ್ಟರಿನಲ್ಲಿ ಗಣಿತ ಮತ್ತು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ನನಗೆ ಬ್ಯಾಕ್‌ಲಾಗ್ ಇತ್ತು, ಎರಡನ್ನೂ ಆರನೆಯ ಸೆಮಿಸ್ಟರಿನೊಳಗೆ ಮುಗಿಸಿದ್ದೇನೆ, ಈಗ ಯಾವುದೂ ಬಾಕಿ ಇಲ್ಲ. ಡಿಪ್ಲೊಮಾದಿಂದ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದ್ದರಿಂದ ಈ ವಿಷಯಗಳ ತಳಪಾಯವನ್ನು ತಡವಾಗಿ ಕಲಿತೆ. ಕೊನೆಯ ಎರಡು ಸೆಮಿಸ್ಟರುಗಳಲ್ಲಿ ನನ್ನ ಎಸ್‌ಜಿಪಿಎ 7.4 ಮತ್ತು 7.8, ಲಗತ್ತಿಸಿರುವ ಪ್ರಾಜೆಕ್ಟಿನ ಹುಡುಕಾಟದ ಭಾಗವನ್ನು ಡೇಟಾ ಸ್ಟ್ರಕ್ಚರ್ಸ್ ಬಳಸಿ ನಾನೇ ಬರೆದಿದ್ದೇನೆ."

ಮೂರನೆಯ ವಾಕ್ಯಕ್ಕೇ ಹೆಚ್ಚು ಸಮಯ ಹಿಡಿಯಿತು. ಮೊದಲು ಅಲ್ಲಿ "ಈ ಅನುಭವದಿಂದ ಬಹಳಷ್ಟು ಕಲಿತೆ" ಎಂದಿತ್ತು; ಯಾರು ಬೇಕಾದರೂ ಬರೆಯಬಹುದಾದ ಮಾತು. ಸೋತ ವಿಷಯದಲ್ಲಿಯೇ ಮಾಡಿದ ಕೆಲಸವೊಂದನ್ನು ತೋರಿಸಿದರೆ ಅದನ್ನು ತೆರೆದು ನೋಡಬಹುದು. ಕ್ಷಮೆ ಕೋರುವ ಪದವನ್ನೂ "ದುರದೃಷ್ಟವಶಾತ್" ಎಂಬುದನ್ನೂ ಎಲ್ಲಿಯೂ ಬಳಸಲಿಲ್ಲ.

ಈ ಮೂರು ವಾಕ್ಯಗಳನ್ನು ಇಮೇಲಿನ ಆರಂಭದಲ್ಲಿ ಇಡಲಿಲ್ಲ. ಯಾವ ಹುದ್ದೆ, ಅದಕ್ಕೆ ಸಂಬಂಧಿಸಿ ನನಗೆ ಏನು ಬರುತ್ತದೆ ಎಂಬುದನ್ನು ಹೇಳಿದ ಮೇಲೆ, ವಂದನೆಗಿಂತ ಮೊದಲು ಇಟ್ಟೆ. ಜಾಹೀರಾತಿನಲ್ಲಿ ಅಂಕಗಳ ಮಿತಿ ಇಲ್ಲದ ಕಡೆ ಸಿಜಿಪಿಎಯನ್ನು ರೆಸ್ಯೂಮೆಯಲ್ಲಿ ಮಾತ್ರ ನಮೂದಿಸಿದೆ. ಮಿತಿ ಶೇಕಡಾವಾರು ಇದ್ದ ಕಡೆ ನಮ್ಮ ವಿಶ್ವವಿದ್ಯಾಲಯದ ಸೂತ್ರದಿಂದಲೇ ಪರಿವರ್ತಿಸಿದೆ, ಏಕೆಂದರೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಸೂತ್ರ ಒಂದೇ ಅಲ್ಲ. 60 ಕೇಳಿದ ಕಡೆ 59.4ನ್ನು 60 ಎಂದು ಬರೆಯುವ ಗೆಳೆಯರಿದ್ದರು. ದಾಖಲೆ ಪರಿಶೀಲನೆಯಲ್ಲಿ ಅದು ಸುಳ್ಳು ಮಾಹಿತಿಯಾಗುತ್ತದೆ, ಕೊಟ್ಟ ಆಫರ್ ಕೂಡ ರದ್ದಾಗಬಹುದು. ಮಿತಿಗಿಂತ ಕಡಿಮೆಯಿದ್ದರೆ ಎಷ್ಟು ಚೆನ್ನಾಗಿ ವಿವರಿಸಿದರೂ ದೊಡ್ಡ ಕಂಪನಿಗಳ ಅರ್ಜಿ ನಮೂನೆ ಅಲ್ಲಿಯೇ ತಡೆಯುತ್ತದೆ. ನನ್ನ ಮೂರು ವಾಕ್ಯಗಳು ಉಪಯೋಗಕ್ಕೆ ಬಂದದ್ದು ಮನುಷ್ಯರು ಇಮೇಲ್ ಓದುವ ಚಿಕ್ಕ ಕಂಪನಿಗಳಲ್ಲಿ.

ನನ್ನ ಸಹಪಾಠಿಯೊಬ್ಬಳಿಗೆ ಒಂದು ವಿಷಯ ಆಗಲೂ ಬಾಕಿ ಇತ್ತು. ಅವಳು "ಮುಗಿಸುವ ವಿಶ್ವಾಸವಿದೆ" ಎಂದು ಬರೆದಿದ್ದಳು. ಅದನ್ನು ತೆಗೆದು, ಪೂರಕ ಪರೀಕ್ಷೆ ಯಾವ ತಿಂಗಳು, ಫಲಿತಾಂಶ ಯಾವಾಗ ನಿರೀಕ್ಷಿತ ಎಂಬೆರಡನ್ನೇ ಬರೆಯುವಂತೆ ಹೇಳಿದೆ.

ಹೊಸ ಇಮೇಲಿಗೆ ಕರೆದ ಸಂದರ್ಶನದಲ್ಲಿ ಬ್ಯಾಕ್‌ಲಾಗ್ ಬಗ್ಗೆ ಪ್ರಶ್ನೆಯೇ ಬರಲಿಲ್ಲ. ಪ್ರಾಜೆಕ್ಟಿನ ಹುಡುಕಾಟ ನಿಧಾನವಾದರೆ ಏನು ಬದಲಿಸುವೆ ಎಂದು ಇಪ್ಪತ್ತು ನಿಮಿಷ ಕೇಳಿದರು. ಸೇರುವ ದಿನ ಎಲ್ಲ ಪ್ರಯತ್ನಗಳ ಅಂಕಪಟ್ಟಿಗಳನ್ನೂ ಒಯ್ದೆ. ಪರಿಶೀಲಿಸಿದವರು ಇಮೇಲಿನ ಪ್ರತಿಯ ಪಕ್ಕದಲ್ಲಿಟ್ಟು ನೋಡಿ, ಎರಡು ಟಿಕ್ ಹಾಕಿ ಹಿಂದಿರುಗಿಸಿದರು.