ಪೆಟ್ಟಿಗೆ ತಳ್ಳುವ ಆಟದಲ್ಲಿ ಸಿಕ್ಕಿಕೊಳ್ಳದಿರಲು ನಾನು ಕಲಿತದ್ದು

ಸೊಕೊಬಾನ್ ನಾನು ಬಹಳ ದಿನದಿಂದ ಆಡುತ್ತಿರುವ ಆಟ. ಹಿರೊಯುಕಿ ಇಮಾಬಯಾಶಿ ಇದನ್ನು 1981ರಲ್ಲಿ ಮಾಡಿದರು. ಜಪಾನಿ ಭಾಷೆಯಲ್ಲಿ ಆ ಹೆಸರಿಗೆ ಗೋದಾಮು ನೋಡಿಕೊಳ್ಳುವವನು ಎಂದರ್ಥ. ಪೆಟ್ಟಿಗೆಗಳನ್ನೆಲ್ಲ ಗುರಿ ಮನೆಗಳಿಗೆ ಸೇರಿಸಬೇಕು. ತಳ್ಳಬಹುದು, ಎಳೆಯುವ ಹಾಗಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಸರಿಯುತ್ತದೆ.

ಎಳೆಯಲು ಆಗದಿರುವುದೇ ಈ ಆಟದ ಕಷ್ಟವೆಲ್ಲ. ಒಂದು ತಪ್ಪು ತಳ್ಳು ಸಾಕು, ಆಮೇಲೆ ಎಷ್ಟು ಓಡಾಡಿದರೂ ಆಟ ಮುಗಿಯುವುದಿಲ್ಲ. ಸತ್ತಿದೆ ಎಂದು ಆಟ ನಮಗೆ ಹೇಳುವುದೂ ಇಲ್ಲ. ನಾವೇ ಕಂಡುಕೊಳ್ಳಬೇಕು. ನಾನು ಹೇಗೆ ಕಂಡುಕೊಳ್ಳುತ್ತೇನೆ ಎಂದು ಒಂದು ಪುಟ್ಟ ಹಂತ ಇಟ್ಟುಕೊಂಡು ಹೇಳುತ್ತೇನೆ.

```
########
#  #   #
#   $  #
#.$  @ #
#.  #  #
########
```

`#` ಗೋಡೆ, `$` ಪೆಟ್ಟಿಗೆ, `.` ಗುರಿ, `@` ನಾವು. ಸುತ್ತಲಿನ ಗೋಡೆ ಬಿಟ್ಟು ಒಳಗೆ ನಾಲ್ಕು ಸಾಲು ಇವೆ. ಮೇಲಿನಿಂದ ಸಾಲು, ಎಡದಿಂದ ಮನೆ ಎಣಿಸುತ್ತೇನೆ. ಎಡಗಡೆಯ ಪೆಟ್ಟಿಗೆ ಮೂರನೇ ಸಾಲಿನ ಎರಡನೇ ಮನೆಯಲ್ಲಿದೆ. ಬಲಗಡೆಯದು ಎರಡನೇ ಸಾಲಿನ ನಾಲ್ಕನೇ ಮನೆಯಲ್ಲಿದೆ.

ಆಟಕ್ಕೆ ಕೈ ಹಾಕುವ ಮುಂಚೆ ನಾನು ಸತ್ತ ಮನೆಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಅಂದರೆ ಪೆಟ್ಟಿಗೆ ಅಲ್ಲಿಗೆ ಹೋದರೆ ಯಾವ ಗುರಿಗೂ ಮತ್ತೆ ಬರಲಾಗದ ಮನೆ. ಮೂಲೆಗಳು ಎಲ್ಲರಿಗೂ ಕಾಣುತ್ತವೆ. ಉಳಿದವಕ್ಕೆ ಆಟವನ್ನು ತಿರುಗಿಸಿ ಆಡುತ್ತೇನೆ. ಗುರಿಯ ಮೇಲೆ ಪೆಟ್ಟಿಗೆ ಇದೆ ಅಂದುಕೊಂಡು ಅದನ್ನು ಹಿಂದಕ್ಕೆ ಎಳೆಯುತ್ತೇನೆ. ಒಂದು ಸಲ ಎಳೆಯಲು ಸಾಲಾಗಿ ಎರಡು ಮನೆ ಬೇಕು. ಒಂದು ಪೆಟ್ಟಿಗೆ ಬಂದು ಕೂರಲು, ಅದರಾಚೆಯದು ಎಳೆಯುವವನು ನಿಲ್ಲಲು. ಎರಡೂ ಗೋಡೆಯಲ್ಲದಿದ್ದರೆ ಎಳೆತ ಸಾಧ್ಯ. ಬೇರೆ ಪೆಟ್ಟಿಗೆಗಳನ್ನು ಆಗ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗೆ ಎಳೆಯುತ್ತಾ ಹೋದಾಗ ಪೆಟ್ಟಿಗೆ ಮುಟ್ಟದೆ ಉಳಿದ ಮನೆಗಳೆಲ್ಲ ಸತ್ತವು.

ಈ ಹಂತದಲ್ಲಿ ಹಾಗೆ ಮಾಡಿದಾಗ 22 ಮನೆಗಳಲ್ಲಿ 10 ಸತ್ತವು ಎಂದು ಸಿಕ್ಕಿತು.

```
########
#xx#xxx#
#     x#
#.    x#
#. x#xx#
########
```

ಮೇಲಿನ ಸಾಲು ಪೂರ್ತಿ ಹೋಯಿತು. ಅದು ಗೋಡೆಗೆ ಅಂಟಿದ ಸಾಲು, ಅಲ್ಲಿ ಗುರಿ ಒಂದೂ ಇಲ್ಲ. ಬಲ ಅಂಚೂ ಹಾಗೆಯೇ. ಆದರೆ ಎಡ ಅಂಚಿನ ಎರಡನೇ ಸಾಲಿನ ಮನೆಗೆ ಜೀವ ಇದೆ, ಅಲ್ವಾ? ಅಲ್ಲಿಂದ ನೇರ ಕೆಳಗೆ ತಳ್ಳಿದರೆ ಗುರಿ ಸಿಗುತ್ತದೆ. "ಗೋಡೆ ಪಕ್ಕ ಪೆಟ್ಟಿಗೆ ಇಡಬಾರದು" ಎಂಬ ಮಾತನ್ನು ಹಾಗೇ ನಂಬಿದರೆ ಇಂಥ ಒಳ್ಳೆಯ ದಾರಿ ತಪ್ಪಿಹೋಗುತ್ತದೆ. ಗೋಡೆಯ ಉದ್ದಕ್ಕೂ ಗುರಿ ಇದೆಯಾ ಎಂದು ನೋಡಬೇಕು.

ಇಷ್ಟು ಗುರುತು ಹಾಕಿಕೊಂಡು ನಾನು ಧೈರ್ಯವಾಗಿ ಶುರು ಮಾಡಿದೆ. ಎಡಗಡೆಯ ಪೆಟ್ಟಿಗೆಯನ್ನು ಒಂದು ಸಲ ಎಡಕ್ಕೆ ತಳ್ಳಿದೆ. ನೇರ ಗುರಿಗೆ ಹೋಯಿತು. ಆಮೇಲೆ ಬಲಗಡೆಯದನ್ನು ಎರಡು ಸಲ ಎಡಕ್ಕೆ ತಳ್ಳಿದೆ. ಅದರ ಮೇಲೆ ಹೋಗಿ ನಿಂತು ಕೆಳಗೆ ತಳ್ಳೋಣ ಎಂದು ನನ್ನ ಲೆಕ್ಕ. ಆಗ ಪರದೆ ಹೀಗಿತ್ತು. `*` ಅಂದರೆ ಗುರಿಯ ಮೇಲೆ ಕೂತ ಪೆಟ್ಟಿಗೆ.

```
########
#  #   #
# $@   #
#*     #
#.  #  #
########
```

ಯಾವ ಪೆಟ್ಟಿಗೆಯೂ ಸತ್ತ ಮನೆಯಲ್ಲಿಲ್ಲ. ಒಂದು ಗುರಿ ತುಂಬಿದೆ. ಆದರೂ ಆಟ ಇಲ್ಲೇ ಮುಗಿದಿತ್ತು.

ಇದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ಎಡ ಮೇಲಿನ ಮೂಲೆಯ ಮೂರು ಖಾಲಿ ಮನೆ ನೋಡಿ. ಗೋಡೆ ಮತ್ತು ಎರಡು ಪೆಟ್ಟಿಗೆ ಸೇರಿ ಅದನ್ನು ಮುಚ್ಚಿದ ಕೋಣೆ ಮಾಡಿಬಿಟ್ಟಿವೆ. ನಾನು ಹೊರಗೆ ಉಳಿದಿದ್ದೇನೆ. ಪೆಟ್ಟಿಗೆಯನ್ನು ಕೆಳಗೆ ತಳ್ಳಲು ನಿಲ್ಲಬೇಕಾದ ಜಾಗ ಆ ಕೋಣೆಯ ಒಳಗಿದೆ. ಸತ್ತ ಮನೆಗಳ ಗುರುತು ಒಂದೊಂದೇ ಪೆಟ್ಟಿಗೆಗೆ ಮಾಡಿದ ಲೆಕ್ಕ. ಎರಡು ಪೆಟ್ಟಿಗೆ ಸೇರಿ ನಮ್ಮ ದಾರಿಯನ್ನೇ ಮುಚ್ಚುವುದು ಅದರಲ್ಲಿ ಕಾಣುವುದಿಲ್ಲ.

ಇಂಥ ಮುಚ್ಚಿದ ಕೋಣೆ ಕಂಡ ಕೂಡಲೇ ಸೋತೆ ಎಂದು ಬಿಡಬೇಕಾಗಿಲ್ಲ. ಎಷ್ಟೋ ಸಲ ಬಾಗಿಲಾಗಿ ನಿಂತ ಪೆಟ್ಟಿಗೆಯನ್ನೇ ಸ್ವಲ್ಪ ತಳ್ಳಿ ಒಳಗೆ ಹೋಗಬಹುದು. ಹಾಗಾಗಿ ಹೊರಗಿನಿಂದ ಏನೇನು ತಳ್ಳಬಹುದು ಎಂದು ಒಂದೊಂದಾಗಿ ನೋಡುತ್ತೇನೆ. ಇಲ್ಲಿ ಮೂರೇ ಇವೆ. ಮೇಲಿನ ಪೆಟ್ಟಿಗೆಯನ್ನು ಇನ್ನೂ ಮೇಲೆ ತಳ್ಳಿದರೆ ಅದು ಮೂಲೆಗೆ ಹೋಗುತ್ತದೆ, ಮೇಲೂ ಬಲಕ್ಕೂ ಗೋಡೆ. ಅದನ್ನೇ ಎಡಕ್ಕೆ ತಳ್ಳಿದರೆ ಎರಡೂ ಪೆಟ್ಟಿಗೆ ಎಡಗೋಡೆಗೆ ಅಂಟಿ ಒಂದರ ಮೇಲೊಂದು ನಿಲ್ಲುತ್ತವೆ. ಪಕ್ಕಕ್ಕೆ ಸರಿಸಲು ಗೋಡೆ ಬಿಡದು, ಮೇಲೆ ಕೆಳಗೆ ಸರಿಸಲು ಒಂದನ್ನೊಂದು ಬಿಡವು. ಕೊನೆಯದು, ಗುರಿಯ ಮೇಲಿನ ಪೆಟ್ಟಿಗೆಯನ್ನು ಕೆಳಗಿನಿಂದ ಮೇಲೆ ತಳ್ಳುವುದು. ಆಗ ಎರಡೂ ಅಕ್ಕಪಕ್ಕ ಬಂದು ಕೋಣೆ ಇನ್ನೂ ಮುಚ್ಚಿಕೊಂಡೇ ಇರುತ್ತದೆ. ಅಲ್ಲಿಂದ ಮುಂದೆ ತಳ್ಳಲು ಉಳಿಯುವುದು ಸತ್ತ ಮನೆಗಳ ಕಡೆಗೆ ಮಾತ್ರ. ಮೂರೂ ದಾರಿ ಮುಗಿದವು ಅಂದರೆ ಆಟ ಸತ್ತಿದೆ ಎಂದು ಖಚಿತ. ಆಮೇಲೆ ಸುಮ್ನೆ ಓಡಾಡುತ್ತಾ ಕೂರುವುದಿಲ್ಲ.

ಆಗ ನಾನು ಒಂದೊಂದೇ ತಳ್ಳು ಹಿಂದೆ ಹೋದೆ. ಒಂದು ತಳ್ಳು ಹಿಂದೆ ಹೋದಾಗ ಪೆಟ್ಟಿಗೆ ಎರಡನೇ ಸಾಲಿನ ಮೂರನೇ ಮನೆಯಲ್ಲಿತ್ತು. ಅಲ್ಲಿ ಅದನ್ನು ಕೆಳಗೆ ತಳ್ಳಲಾಗದು, ಅದರ ಮೇಲೆ ಗೋಡೆ ಇದೆ. ಆದರೆ ಅದರ ಎಡಕ್ಕೆ ಹೋಗಿ ನಿಲ್ಲಬಹುದು, ಬಲಕ್ಕೆ ವಾಪಸ್ ತಳ್ಳಬಹುದು. ಅಂದರೆ ಆಟಕ್ಕೆ ಇನ್ನೂ ಜೀವ ಇತ್ತು. ಕೊಂದದ್ದು ಆ ಕೊನೆಯ ಒಂದು ತಳ್ಳು. ನಾನು ಯಾವ ಹಂತದಲ್ಲಿ ಸಿಕ್ಕಿಕೊಂಡರೂ ಈ ಒಂದು ತಳ್ಳನ್ನು ಹುಡುಕುತ್ತೇನೆ. ಅದು ಸಿಕ್ಕಿದರೆ ಮೊದಲಿನಿಂದ ಶುರು ಮಾಡುವ ಅಗತ್ಯ ಇರುವುದಿಲ್ಲ.

ಅಲ್ಲಿಂದ ಪೆಟ್ಟಿಗೆಯನ್ನು ಬಲಕ್ಕೆ, ಮೊದಲಿದ್ದ ಮನೆಗೇ ತಂದೆ. ಮೇಲೆ ನಿಂತು ಒಂದು ಸಲ ಕೆಳಗೆ ತಳ್ಳಿದೆ. ಮೂರನೇ ಸಾಲಿನಲ್ಲಿ ಎರಡು ಸಲ ಎಡಕ್ಕೆ ತಳ್ಳಿದೆ. ಮತ್ತೆ ಅದರ ಮೇಲೆ ಹೋಗಿ ಒಂದು ಸಲ ಕೆಳಗೆ, ಆಮೇಲೆ ಬಲದಿಂದ ಒಂದು ಸಲ ಎಡಕ್ಕೆ. ಎರಡೂ ಗುರಿ ತುಂಬಿದವು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಎಡಗಡೆಯ ಪೆಟ್ಟಿಗೆಯನ್ನು ಮೊದಲು ಕೆಳಗೆ, ಆಮೇಲೆ ಎಡಕ್ಕೆ ತಳ್ಳಿ ಮೂಲೆಯ ಗುರಿಗೆ ಸೇರಿಸಬೇಕು. ಆಗ ಮೇಲಿನ ಗುರಿ ಖಾಲಿ ಉಳಿಯುತ್ತದೆ, ಎಡಗಡೆಯ ದಾರಿ ತೆರೆದೇ ಇರುತ್ತದೆ. ಬಲಗಡೆಯದನ್ನು ಮೂರು ಸಲ ಎಡಕ್ಕೆ ತಳ್ಳಿ, ಮೂಲೆಗೆ ಸುತ್ತಿಬಂದು ಒಂದು ಸಲ ಕೆಳಗೆ ತಳ್ಳಿದರೆ ಆಯಿತು. ಬಲಗಡೆಯ ಪೆಟ್ಟಿಗೆಯನ್ನು ಎಡಕ್ಕೆ ತಳ್ಳಿ ವಾಪಸ್ ತಂದ ತಳ್ಳುಗಳನ್ನು ಬಿಟ್ಟು ಶುರುವಿನಿಂದ ಎಣಿಸಿದರೆ ಎರಡು ದಾರಿಗೂ ಆರಾರು ತಳ್ಳು. ಆದರೆ ಎರಡನೆಯದರಲ್ಲಿ ಹತ್ತಿರದ ಗುರಿಯನ್ನು ಬೇಗ ತುಂಬಿ ನಮ್ಮದೇ ದಾರಿ ಮುಚ್ಚಿಕೊಳ್ಳುವ ಭಯ ಇಲ್ಲ.

ಅಂದಿನಿಂದ ಪೆಟ್ಟಿಗೆ ತಳ್ಳುವ ಮುಂಚೆ ಎರಡು ವಿಷಯ ನೋಡುತ್ತೇನೆ. ಪೆಟ್ಟಿಗೆ ಹೋಗಿ ಕೂರುವ ಮನೆ ಸತ್ತದ್ದಾ? ಅದರ ಮುಂದಿನ ತಳ್ಳಿಗೆ ನಾನು ನಿಲ್ಲಬೇಕಾದ ಮನೆಗೆ ಆಗಲೂ ನಡೆದು ಹೋಗಬಹುದಾ? ಎರಡನೆಯದನ್ನು ಬೆರಳಿಟ್ಟು ದಾರಿ ಎಳೆದೇ ನೋಡುತ್ತೇನೆ, ಕಣ್ಣಂದಾಜಿಗೆ ಬಿಡುವುದಿಲ್ಲ.