ಟ್ರ್ಯಾಕ್ಟರ್ ಬಾಡಿಗೆಗೋ, ಸ್ವಂತಕ್ಕೋ? ಮೊದಲು ಗಂಟೆ ಎಣಿಸಿ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆ ಯಾವ ಟ್ರ್ಯಾಕ್ಟರ್ ಮಾಲೀಕರಿಗೆ ಫೋನ್ ಮಾಡಿದರೂ ಒಂದೇ ಉತ್ತರ: "ನಾಳೆ ಬರ್ತೀನಿ." ಎಲ್ಲರ ಗದ್ದೆಗೂ ಒಟ್ಟಿಗೇ ನೀರು ಬರುತ್ತದೆ, ಎಲ್ಲರಿಗೂ ಅದೇ ವಾರ ಗಾಡಿ ಬೇಕು. ಒಂದು ವರ್ಷ ನಮ್ಮ ಮನೆಗೆ ಆ "ನಾಳೆ" ಬಂದದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಅಗೆ ಬಲಿತು ಹೋಗಿತ್ತು. ಅವತ್ತೇ ರಾತ್ರಿ ನಾನು ಸಣ್ಣ ಟ್ರ್ಯಾಕ್ಟರ್ ಕೊಂಡೇಬಿಡುವುದು ಎಂದು ತೀರ್ಮಾನಿಸಿದ್ದೆ. ಆದರೆ ಲೆಕ್ಕ ಬರೆದು ನೋಡಿದ ಮೇಲೆ ಕೊಳ್ಳಲಿಲ್ಲ. ಆ ಲೆಕ್ಕ ಹೇಗೆ ಹಾಕುವುದು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು: ವರ್ಷಕ್ಕೆ ಎಷ್ಟು ಗಂಟೆ ಕೆಲಸ?

ಎಕರೆ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ. ಹೋದ ವರ್ಷ ಗಾಡಿ ಬಂದ ಪ್ರತಿ ದಿನವನ್ನೂ ನೆನಪು ಮಾಡಿಕೊಂಡು ಬರೆಯಿರಿ. ನಮ್ಮದು ಎರಡೂವರೆ ಎಕರೆ ಗದ್ದೆ, ಒಂದೂವರೆ ಎಕರೆ ಅಡಿಕೆ ತೋಟ. ಮೊದಲ ಮಳೆಗೆ ಒಂದು ಸಾಲು ಉಳುಮೆಗೆ 3 ಗಂಟೆ. ಕೆಸರಿನಲ್ಲಿ ಎರಡು ಸಲ ರೋಟರಿ ಹೊಡೆಯಲು 8 ಗಂಟೆ. ಗದ್ದೆಯಿಂದ ಗದ್ದೆಗೆ ದಾಟಿಸಲು 1 ಗಂಟೆ. ಗೊಬ್ಬರ, ದರಕು, ಹುಲ್ಲು, ಅಡಿಕೆ ಸಾಗಿಸುವ ಟ್ರೇಲರ್ ಕೆಲಸ 14 ಗಂಟೆ. ಒಟ್ಟು 26.

ಬಯಲುಸೀಮೆಯವರು ಇಷ್ಟೇ ಗದ್ದೆಯನ್ನು ಬೇಗ ಮುಗಿಸುತ್ತಾರೆ. ನಮ್ಮಲ್ಲಿ ಗದ್ದೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಹತ್ತು ಮಾರು ಹೋದರೆ ಅಂಚು ಬಂತು, ರೋಟರಿ ಎತ್ತಬೇಕು, ತಿರುಗಿಸಬೇಕು, ಮತ್ತೆ ಇಳಿಸಬೇಕು. ಹಾಗಾಗಿ ಬೇರೆಯವರು ಹೇಳಿದ ಗಂಟೆ ನಂಬಬೇಡಿ, ನಿಮ್ಮ ಗದ್ದೆಯದ್ದನ್ನೇ ಬರೆಯಿರಿ. ತೋಟದೊಳಗೆ ಗಾಡಿ ಓಡಿಸುವ ಆಸೆಯಿದ್ದರೆ ಬಸಿಗಾಲುವೆಗಳನ್ನು ಒಮ್ಮೆ ನೋಡಿ ಬನ್ನಿ. ಮಿನಿ ಟ್ರ್ಯಾಕ್ಟರ್ ಮರಗಳ ನಡುವೆ ತೂರಿದರೂ ಕಾಲುವೆ ದಾಟುವುದು ಕಷ್ಟ. ಆ ಗಂಟೆಗಳನ್ನು ಸುಮ್ನೆ ಸೇರಿಸಿಕೊಳ್ಳಬೇಡಿ.

ಆಮೇಲೆ: ಗಾಡಿ ನಿಂತಿದ್ದರೂ ಆಗುವ ಖರ್ಚು

ಹೆಚ್ಚಿನವರು ಬಾಡಿಗೆಯನ್ನು ಡೀಸೆಲ್ ಖರ್ಚಿನ ಜೊತೆ ಹೋಲಿಸುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು. ಕೊಟ್ಟಿಗೆಯ ಪಕ್ಕ ಸುಮ್ನೆ ನಿಂತ ಗಾಡಿಗೂ ವರ್ಷ ವರ್ಷ ಖರ್ಚಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಿನಿ ಟ್ರ್ಯಾಕ್ಟರ್ ಮತ್ತು ರೋಟರಿ ಸೇರಿ ಕೈಯಿಂದ ಹೋಗುವುದು 6 ಲಕ್ಷ. ಹತ್ತು ವರ್ಷ ಬಿಟ್ಟು ಮಾರಿದರೆ 2 ಲಕ್ಷ ಸಿಗಬಹುದು. ಅಂದರೆ ವರ್ಷಕ್ಕೆ 40 ಸಾವಿರ ಸವಕಳಿ. ಬಡ್ಡಿಯನ್ನು ಪೂರ್ತಿ 6 ಲಕ್ಷಕ್ಕೆ ಹಾಕಬೇಡಿ, 6 ಮತ್ತು 2ರ ಸರಾಸರಿಯಾದ 4 ಲಕ್ಷಕ್ಕೆ ಹಾಕಿ. ಶೇ 9ರಂತೆ 36 ಸಾವಿರ. ಕೈಯಲ್ಲಿದ್ದ ದುಡ್ಡೇ ಹಾಕಿದರೂ ಬಡ್ಡಿ ಬರೆಯಲೇಬೇಕು, ಅದೇ ದುಡ್ಡು ಬೇರೆ ಕಡೆ ದುಡಿಯುತ್ತಿತ್ತು ಅಲ್ವಾ? ವಿಮೆ, ನಿಲ್ಲಿಸಲು ಮಾಡು, ಸಣ್ಣಪುಟ್ಟದ್ದಕ್ಕೆ 9 ಸಾವಿರ. ಒಟ್ಟು ವರ್ಷಕ್ಕೆ 85 ಸಾವಿರ. ಒಂದು ಹನಿ ಡೀಸೆಲ್ ಉರಿಯುವ ಮೊದಲೇ ಇಷ್ಟು.

ಸಬ್ಸಿಡಿ ಸಿಗುತ್ತದೆಯೇ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸಿಕ್ಕರೆ ಅಷ್ಟನ್ನು 6 ಲಕ್ಷದಲ್ಲಿ ಕಳೆದು ಮತ್ತೆ ಲೆಕ್ಕ ಹಾಕಿ.

ಈಗ ಭಾಗಿಸಿ

ಓಡಿಸಿದರೆ ಗಂಟೆಗೆ ಎಷ್ಟು? ಡೀಸೆಲ್ 3 ಲೀಟರ್, ಸುಮಾರು 270 ರೂಪಾಯಿ. ಆಯಿಲ್, ಬ್ಲೇಡು, ರಿಪೇರಿಗೆ 80. ಓಡಿಸುವವನ ಕೂಲಿ 100. ಒಟ್ಟು 450. ಬಾಡಿಗೆ ಗಂಟೆಗೆ 1,000 ಎಂದಿಟ್ಟುಕೊಂಡರೆ ಸ್ವಂತ ಗಾಡಿಯಿಂದ ಗಂಟೆಗೆ ಉಳಿಯುವುದು 550. ಮೇಲಿನ 85 ಸಾವಿರವನ್ನು ಈ 550ರಿಂದ ಭಾಗಿಸಿ. ಸುಮಾರು 155 ಗಂಟೆ ಬರುತ್ತದೆ. ವರ್ಷಕ್ಕೆ ಅದಕ್ಕಿಂತ ಜಾಸ್ತಿ ಕೆಲಸವಿದ್ದರೆ ಸ್ವಂತದ್ದು ಲಾಭ, ಕಡಿಮೆಯಿದ್ದರೆ ಬಾಡಿಗೆ. ದರಗಳು ನಿಮ್ಮೂರಿನವು ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ.

ನಮ್ಮದು 26 ಗಂಟೆ. ಬಾಡಿಗೆಗೆ 26 ಸಾವಿರ ಹೋಗುತ್ತದೆ. ಸ್ವಂತದ್ದಾದರೆ 85 ಸಾವಿರದ ಮೇಲೆ ಓಡಿಸಿದ ಖರ್ಚು 11,700 ಸೇರಿ 96,700.

ಕಾದದ್ದರ ನಷ್ಟ

"ಗಾಡಿ ಸಮಯಕ್ಕೆ ಬರದಿದ್ದರೆ ಬೆಳೆ ಹೋಗುತ್ತಲ್ಲ" ಎನ್ನುವ ಮಾತು ಸುಳ್ಳಲ್ಲ. ಮೂರು ವಾರದ ಅಗೆ ನೆಟ್ಟರೆ ಚೆನ್ನಾಗಿ ತೆಂಡೆ ಒಡೆಯುತ್ತದೆ. ಐದು ವಾರ ದಾಟಿದ ಅಗೆ ಅಗೆಮಡಿಯಲ್ಲೇ ಉದ್ದ ಬೆಳೆದು, ಕೀಳುವಾಗ ಬೇರು ಹರಿದು, ಗದ್ದೆಯಲ್ಲಿ ಕಡಿಮೆ ತೆಂಡೆ ಹಾಕುತ್ತದೆ. ಆ ವರ್ಷ ನೆಟ್ಟು ತಿಂಗಳಾದ ಮೇಲೂ ನಮ್ಮ ಗದ್ದೆಯಲ್ಲಿ ಬುಡದ ನಡುವೆ ನೀರು ಹೊಳೆಯುತ್ತಿತ್ತು. ಪಕ್ಕದವರ ಗದ್ದೆಯಲ್ಲಿ ಹಸಿರು ಮುಚ್ಚಿ ನೀರೇ ಕಾಣುತ್ತಿರಲಿಲ್ಲ. ನೋಡಿ ಹೊಟ್ಟೆ ಉರಿದಿತ್ತು.

ಆ ನಷ್ಟವನ್ನೂ ರೂಪಾಯಿಗೆ ಇಳಿಸಿ. ಎಕರೆಗೆ 2 ಕ್ವಿಂಟಲ್ ಕಡಿಮೆ ಬಂತು ಎಂದಿಟ್ಟುಕೊಂಡರೆ ಎರಡೂವರೆ ಎಕರೆಗೆ 5 ಕ್ವಿಂಟಲ್, ಕ್ವಿಂಟಲ್‌ಗೆ 2,300ರಂತೆ 11,500 ರೂಪಾಯಿ. ಪ್ರತಿ ವರ್ಷವೂ ಹೀಗೇ ಆದರೂ ಬಾಡಿಗೆಯ ಖರ್ಚು 37,500 ದಾಟುವುದಿಲ್ಲ.

ಉಳಿದ ಗಂಟೆ ಬಾಡಿಗೆಗೆ ಬಿಟ್ಟರೆ?

155ರಲ್ಲಿ 26 ಕಳೆದರೆ 129 ಗಂಟೆ ಹೊರಗಿನ ಕೆಲಸ ಬೇಕು. ದಿನಕ್ಕೆ 5 ಗಂಟೆಯಂತೆ 26 ದಿನ. ಆ ದಿನಗಳೂ ನಿಮ್ಮ ಗದ್ದೆಗೆ ಗಾಡಿ ಬೇಕಾದ ದಿನಗಳೇ. ದುಡ್ಡು ಕೈಗೆ ಬರುವುದು ಅವರ ಅಡಿಕೆ ಮಾರಾಟವಾದ ಮೇಲೆ, ಬ್ಯಾಂಕಿನ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ. ಮನೆಯಲ್ಲೇ ಗಾಡಿ ಓಡಿಸುವ ಹುಡುಗನಿದ್ದು, ಸುತ್ತಲಿನ ಏಳೆಂಟು ಮನೆಯವರು ಈಗಲೇ ಒಪ್ಪಿದ್ದರೆ ಕೊಳ್ಳಬಹುದು. ಕೊಂಡ ಮೇಲೆ ಗಿರಾಕಿ ಹುಡುಕುತ್ತೇನೆ ಎನ್ನುವವರು ಬೇಡವೆಂದೇ ನನ್ನ ಮಾತು. ಕೃಷಿಗೆಂದು ನೋಂದಾಯಿಸಿದ ಗಾಡಿಯಲ್ಲಿ ಬಾಡಿಗೆಗೆ ಕಲ್ಲು, ಮರಳು ಹೊತ್ತರೆ ಅಪಘಾತವಾದಾಗ ವಿಮೆಗೆ ತೊಡಕಾಗುತ್ತದೆ, ಅದೂ ನೆನಪಿರಲಿ.

ಬಾಡಿಗೆ ಎಂದು ತೀರ್ಮಾನವಾದರೆ

ಮೀಟರ್ ಲೆಕ್ಕವೋ, ಗಡಿಯಾರದ ಲೆಕ್ಕವೋ ಎಂದು ಮೊದಲೇ ಮಾತಾಡಿ. ಹಳೆಯ ಟ್ರ್ಯಾಕ್ಟರ್‌ಗಳ ಗಂಟೆ ಮೀಟರ್ ಎಂಜಿನ್ ತಿರುಗಿದ ಲೆಕ್ಕದಲ್ಲಿ ಓಡುತ್ತದೆ. ನಿಧಾನವಾಗಿ ತಿರುಗಿದರೆ ಮೀಟರೂ ನಿಧಾನ. ಹಾಗಾಗಿ ಗಡಿಯಾರದಲ್ಲಿ ಒಂದು ಗಂಟೆಯಾದರೂ ಮೀಟರಿನಲ್ಲಿ ಕಡಿಮೆ ತೋರಿಸಬಹುದು. ಗದ್ದೆಗೆ ಇಳಿಯುವಾಗ ಮತ್ತು ಹತ್ತುವಾಗ ಡ್ರೈವರ್ ಜೊತೆ ನೀವೂ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಸ್ತೆಯ ಮೇಲೆ ಬಂದ ಸಮಯ, ಹೂತುಕೊಂಡು ನಿಂತ ಸಮಯ ಯಾರ ಲೆಕ್ಕಕ್ಕೆ ಎನ್ನುವುದೂ ಅವತ್ತೇ ತೀರ್ಮಾನವಾಗಲಿ. ಹುದುಲು ಗದ್ದೆ ಇದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಅಂಥ ಕಡೆಗೆ ಟ್ರ್ಯಾಕ್ಟರ್‌ಗಿಂತ ಟಿಲ್ಲರ್ ವಾಸಿ.

ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿನ ದರವನ್ನೂ ಕೇಳಿಕೊಳ್ಳಿ. ನಾವು ಈಗ ಪಕ್ಕದ ಮೂರು ಮನೆಯವರು ಸೇರಿ ಮೇ ತಿಂಗಳಲ್ಲೇ ಒಬ್ಬರೇ ಮಾಲೀಕರಿಗೆ ಹೇಳುತ್ತೇವೆ. ಒಂದೇ ಬೈಲಿನಲ್ಲಿ ನಾಲ್ಕು ಮನೆಯ ಸುಮಾರು 45 ಗಂಟೆ ಕೆಲಸ ಅಂದರೆ ಅವರಿಗೂ ಓಡಾಟ ಉಳಿಯುತ್ತದೆ. ಸ್ವಲ್ಪ ಮುಂಗಡ ಕೊಟ್ಟು, ಅಗೆ ಹಾಕಿದ ದಿನವೇ ಫೋನ್ ಮಾಡಿ ತಾರೀಖು ಹೇಳುತ್ತೇವೆ. ಹೋದ ಎರಡು ಮಳೆಗಾಲದಲ್ಲಿ ಗಾಡಿ ಬಂದದ್ದು ಒಮ್ಮೆ ಹೇಳಿದ ದಿನವೇ, ಇನ್ನೊಮ್ಮೆ ಎರಡು ದಿನ ತಡವಾಗಿ.